ಎಲ್ಲರೂ ಒಪ್ಪಿದರು, ಬ್ಲಾಕರ್ ಇಲ್ಲ

ಸಾಫ್ಟ್‌ವೇರ್ ಕಂಪನಿಗಳಲ್ಲಿ ದಿನಾ ನಡೆಯುವ ಸ್ಟ್ಯಾಂಡ್‌ಅಪ್ ಕಾಲ್‌ಗೆ 15 ನಿಮಿಷದ ಮಿತಿ ಇದೆ. ನಿಂತು ಮಾತಾಡಿದರೆ ಕಾಲು ನೋಯುತ್ತದೆ, ಕಾಲು ನೋವು ಬಂದರೆ ಮಾತು ಬೇಗ ಮುಗಿಯುತ್ತದೆ ಎಂಬುದು ಇದರ ಮೂಲ ತತ್ವ. ಈಗ ಒಬ್ಬರು ಬೆಂಗಳೂರಿನಲ್ಲಿ ಮಂಚದ ಮೇಲೆ, ಇನ್ನೊಬ್ಬರು ವಾರ್ಸಾದಲ್ಲಿ ಟ್ರಾಮಿನೊಳಗೆ, ಮತ್ತೊಬ್ಬರು ಕ್ಯಾಲಿಫೋರ್ನಿಯಾದಲ್ಲಿ ಕಾರಿನೊಳಗೆ ಕೂತಿರುವುದರಿಂದ ಯಾರ ಕಾಲೂ ನೋಯುವುದಿಲ್ಲ. ಮಾತು 40 ನಿಮಿಷ ಹೋಗುತ್ತದೆ. ಕೊನೆಗೆ ಬೆಂಗಳೂರಿನ ಟೀಮ್ ಲೀಡು ತಂಡದ ಅತ್ಯಂತ ಕಿರಿಯಳನ್ನು ಕರೆದು, "ನೀನು ಇಂಗ್ಲಿಷ್ ಚೆನ್ನಾಗಿ ಬರೀತೀಯಲ್ಲಮ್ಮ, ಒಂದು ರೀಕ್ಯಾಪ್ ಹಾಕಿಬಿಡು" ಅನ್ನುತ್ತಾನೆ. ಕಾಲ್‌ನಲ್ಲಿ ಯಾರಿಗೂ ಎದುರಾಡಲಾಗದವಳೇ ಕಾಲ್‌ನ ಇತಿಹಾಸಕಾರ್ತಿ ಆಗುವುದು ಹೀಗೆ.

ರೀಕ್ಯಾಪ್ ಬೇಕಾಗಿರುವುದು ಕಾಲ್ ನಡೆಯುವಾಗ ಮಲಗಿದ್ದವನಿಗೆ, ಬೆಳಿಗ್ಗೆ ಎದ್ದು ಅದನ್ನೇ ಓದಿಕೊಂಡು ಕೆಲಸ ಶುರು ಮಾಡಬೇಕಾದವನಿಗೆ. ಆದರೆ ಅದನ್ನು ಬರೆಯುವುದು ಕಾಲ್‌ನಲ್ಲಿ ಕೂತಿದ್ದ ದೊಡ್ಡವರಿಗಾಗಿ, ಅವರಲ್ಲಿ ಯಾರಿಗೂ ಬೇಜಾರಾಗದಿರಲಿ ಎಂದು. ಹಾಗಾಗಿ ಅದು ಗ್ರಾಮಸಭೆಯ ನಡಾವಳಿ ಪುಸ್ತಕದ ಹಾಗೆ ಇರುತ್ತದೆ: ಚರ್ಚಿಸಲಾಯಿತು, ಒಪ್ಪಲಾಯಿತು, ಸಭೆ ಮುಕ್ತಾಯವಾಯಿತು.

ಜುಲೈ ತಿಂಗಳ ಒಂದು ಬುಧವಾರ ಅಂದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9, ವಾರ್ಸಾದಲ್ಲಿ ಸಂಜೆ 6, ಬೆಂಗಳೂರಿನಲ್ಲಿ ರಾತ್ರಿ 9.30. ಬೆಂಗಳೂರಿನ ಟೆಸ್ಟರ್ ಒಂದು ಮಾತು ಎತ್ತುತ್ತಾನೆ: "ಪೇಮೆಂಟ್ ಟೈಮ್‌ಔಟ್ ಆದಾಗ ನಮ್ಮ ಆ್ಯಪ್ ತಾನಾಗಿ ರೀಟ್ರೈ ಮಾಡುತ್ತೆ. ಮೊದಲನೇ ಸಲದ್ದೇ ಬ್ಯಾಂಕ್‌ನಲ್ಲಿ ಪಾಸಾಗಿದ್ದು, ಉತ್ತರ ಮಾತ್ರ ನಮಗೆ ತಲುಪಿರದಿದ್ದರೆ ಗ್ರಾಹಕನ ದುಡ್ಡು ಎರಡು ಸಲ ಕಟ್ ಆಗುತ್ತೆ. ಎರಡೂ ಸಲ ಒಂದೇ ಐಡೆಂಪೊಟೆನ್ಸಿ ಕೀ ಕಳಿಸಿದರೆ, ಇದು ಹಳೇದೇ ಅಂತ ಸರ್ವರ್‌ಗೆ ಗೊತ್ತಾಗುತ್ತೆ. ಆದರೆ ಆ ಕೀಯನ್ನು ಎಪಿಐ ಎಷ್ಟು ಹೊತ್ತು ನೆನಪಿಟ್ಟುಕೊಂಡಿರುತ್ತೆ?"

ಇಡೀ ಕಾಲ್‌ನಲ್ಲಿ ದುಡ್ಡಿಗೆ ಸಂಬಂಧಿಸಿದ ಪ್ರಶ್ನೆ ಇದೊಂದೇ. ಕ್ಯಾಲಿಫೋರ್ನಿಯಾದ ಮ್ಯಾನೇಜರ್ "ಒಳ್ಳೇ ಪಾಯಿಂಟ್" ಅನ್ನುತ್ತಾರೆ. ಯಾರೋ ಮ್ಯೂಟ್ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. ಮಾತು ಮುಂದಿನ ಟಿಕೆಟ್‌ಗೆ ಹೋಗುತ್ತದೆ. ರಾತ್ರಿ ಸ್ಲ್ಯಾಕ್‌ನಲ್ಲಿ ರೀಕ್ಯಾಪ್ ಬೀಳುತ್ತದೆ: "ಪೇಮೆಂಟ್ ರೀಟ್ರೈ ಬಗ್ಗೆ ಉತ್ತಮ ಚರ್ಚೆ ನಡೆಯಿತು. ಎಲ್ಲರೂ ಒಪ್ಪಿದರು. ಎಪಿಐ ತಂಡ ಇಒಡಿ ಒಳಗೆ ನೋಡಿ ತಿಳಿಸುತ್ತದೆ. ಬ್ಲಾಕರ್: ಇಲ್ಲ."

ನಾಲ್ಕೇ ವಾಕ್ಯ, ನಾಲ್ಕೂ ನಿರಪಾಯಕಾರಿ. ಏನನ್ನು ಒಪ್ಪಿದರು? ತಿಳಿಯದು. ಪ್ರಶ್ನೆ ಏನಿತ್ತು? ಅದೂ ಇಲ್ಲ. ಇಒಡಿ ಅಂದರೆ ದಿನದ ಕೊನೆ, ಸರಿ, ಯಾರ ದಿನದ್ದು? ಬೆಂಗಳೂರಿನ ಬುಧವಾರ ಊಟ ಮುಗಿಸಿ ತಟ್ಟೆ ತೊಳೆದಾಗಿದೆ. ವಾರ್ಸಾದವರು ಮನೆ ಸೇರುತ್ತಿದ್ದಾರೆ. ಉಳಿದದ್ದು ಕ್ಯಾಲಿಫೋರ್ನಿಯಾದ ಸಂಜೆ 6. ಆಗ ನಮ್ಮಲ್ಲಿ ಗುರುವಾರ ಬೆಳಿಗ್ಗೆ 6.30, ನಂದಿನಿ ಹಾಲು ಬರುವ ಹೊತ್ತು.

ಇನ್ನು ಎಪಿಐ ತಂಡ. ಅದರಲ್ಲಿ ಇರುವುದು ಮೂವರು, ಇಬ್ಬರು ವಾರ್ಸಾದಲ್ಲಿ, ಒಬ್ಬರು ಕ್ಯಾಲಿಫೋರ್ನಿಯಾದಲ್ಲಿ. ಆ ಒಬ್ಬರು, ಸೀನಿಯರ್‌ಗಳು ವಾರ್ಸಾದಲ್ಲಿದ್ದಾರಲ್ಲ, ನೋಡಿಕೊಳ್ಳುತ್ತಾರೆ ಅಂದುಕೊಂಡರು. ವಾರ್ಸಾದವರು ಗುರುವಾರ ಬೆಳಿಗ್ಗೆ ಇಒಡಿ ಎಂಬುದನ್ನು ಓದಿ, ರಾತ್ರಿಯೇ ಕ್ಯಾಲಿಫೋರ್ನಿಯಾದಲ್ಲಿ ಮುಗಿದಿರಬೇಕು ಅಂದುಕೊಂಡರು. ಟೆಸ್ಟರ್ ದಿನವಿಡೀ ಕಾದ. ಗುರುವಾರ ರಾತ್ರಿಯ ರೀಕ್ಯಾಪ್: "ರೀಟ್ರೈ: ಎಪಿಐ ತಂಡದ ಉತ್ತರಕ್ಕೆ ಕಾಯಲಾಗುತ್ತಿದೆ. ಬ್ಲಾಕರ್: ಇಲ್ಲ." ಕಾಯುತ್ತಿರುವುದೇ ಬ್ಲಾಕರ್ ಎಂದು ಬರೆದರೆ ಚಾಡಿ ಹೇಳಿದ ಹಾಗಾಗುತ್ತದೆ. ನಮ್ಮ ಸಂಸ್ಕಾರ ಅದಕ್ಕೆ ಬಿಡುವುದಿಲ್ಲ.

ಶುಕ್ರವಾರ ಕ್ಯಾಲಿಫೋರ್ನಿಯಾದವರಿಗೆ ಜ್ಞಾನೋದಯವಾಗುತ್ತದೆ. ಅಲ್ಲಿನ ಬೆಳಿಗ್ಗೆ 11ಕ್ಕೆ ಅವರು ಕೇಳುತ್ತಾರೆ: "ಯಾವ ಕೀ? ಯಾವ ಎಂಡ್‌ಪಾಯಿಂಟ್?" ಇಲ್ಲಿ ರಾತ್ರಿ 11.30. ಟೆಸ್ಟರ್ ಉತ್ತರಿಸುವುದು ಸೋಮವಾರ ಬೆಳಿಗ್ಗೆ 10ಕ್ಕೆ, ಅಲ್ಲಿ ಆಗಿನ್ನೂ ಭಾನುವಾರ ರಾತ್ರಿ. ಅವರು ಅದನ್ನು ನೋಡಿ "24 ಗಂಟೆ" ಎಂದು ಬರೆಯುವಾಗ ಇಲ್ಲಿ ಸೋಮವಾರ ರಾತ್ರಿ 9.30. ಕೆಲಸ ಶುರುವಾಗುವುದು ಮಂಗಳವಾರ. ಬುಧವಾರ ಅರ್ಧ ನಿಮಿಷದಲ್ಲಿ ಸಿಗಬಹುದಾಗಿದ್ದ ಉತ್ತರ ಮೂರು ಟೈಮ್‌ಜೋನ್ ಸುತ್ತಿ, ವೀಕೆಂಡ್ ಮುಗಿಸಿಕೊಂಡು ಬಂತು.

ಇದನ್ನು ತಪ್ಪಿಸುವ ವಿದ್ಯೆ ಯಾರಿಗೂ ಗೊತ್ತಿಲ್ಲವೆಂದಲ್ಲ. ಆ ಬುಧವಾರ ರಾತ್ರಿ ನಮ್ಮ ಇತಿಹಾಸಕಾರ್ತಿಯೇ ಮೊದಲು ಇದನ್ನು ಹೀಗೆ ಬರೆದಿದ್ದಳು: "ತೀರ್ಮಾನ: ಐಡೆಂಪೊಟೆನ್ಸಿ ಕೀ ಇಲ್ಲದೆ ರೀಟ್ರೈ ಆನ್ ಮಾಡುವುದಿಲ್ಲ. ತೀರ್ಮಾನವಾಗದ್ದು: ಕೀಯನ್ನು ಎಪಿಐ ಎಷ್ಟು ಗಂಟೆ ಇಟ್ಟುಕೊಳ್ಳುತ್ತದೆ. ಉತ್ತರ ಕೊಡಬೇಕಾದವರು:" ಎಂದು ವಾರ್ಸಾದ ಒಬ್ಬರ ಹೆಸರು. ತಂಡದ ಹೆಸರಲ್ಲ, ಮನುಷ್ಯರ ಹೆಸರು. "ಗಡುವು: ಗುರುವಾರ, ವಾರ್ಸಾ 11:00, ಬೆಂಗಳೂರು 14:30. ಉತ್ತರ ಬರುವವರೆಗೆ: 24 ಗಂಟೆ ಎಂದಿಟ್ಟುಕೊಂಡು ಬೆಂಗಳೂರು ಟೆಸ್ಟ್ ಬರೆಯುತ್ತದೆ."

ಇದರಲ್ಲಿ ಬೆಲೆಬಾಳುವುದು ಕೊನೆಯ ಸಾಲು. ಉತ್ತರ ಬಾರದಿದ್ದರೂ ಟೆಸ್ಟರ್ ಕೈಕಟ್ಟಿ ಕೂರಬೇಕಾಗಿಲ್ಲ. ಊಹೆ ತಪ್ಪಿದ್ದರೆ ವಾರ್ಸಾದವರು ಓದಿದ ಕೂಡಲೇ ತಿದ್ದುತ್ತಾರೆ. ಪ್ರಶ್ನೆ ಕೇಳಿದರೆ ಸುಮ್ಮನಿರುವ ಇಂಜಿನಿಯರ್‌ಗಳೂ ತಪ್ಪು ಕಂಡರೆ ಸುಮ್ಮನಿರಲಾರರು.

ಆದರೆ ರೀಕ್ಯಾಪ್ ಹಾಕಿದ ಹತ್ತು ನಿಮಿಷಕ್ಕೆ ಲೀಡಿನ ಮೆಸೇಜ್: "ಟೋನ್ ಸ್ವಲ್ಪ ಜಾಸ್ತಿ ಆಯ್ತಲ್ಲಮ್ಮ. ಹೆಸರು ಗಿಸರು ಯಾಕೆ? ತಂಡ ಅಂತ ಹಾಕಿಬಿಡು." ಗಡುವೂ ಹೋಯಿತು, ಯಾಕೆಂದರೆ ಗಡುವು ಇದ್ದರೆ ಮೀರಿದ್ದು ಕಾಣುತ್ತದೆ. "ತೀರ್ಮಾನವಾಗದ್ದು" ಎಂಬ ಸಾಲೂ ಹೋಯಿತು, ಮ್ಯಾನೇಜರ್ ಇದ್ದ ಕಾಲ್‌ನಲ್ಲಿ ಏನೋ ಒಂದು ತೀರ್ಮಾನವಾಗದೆ ಉಳಿಯಿತು ಎಂದರೆ ಏನರ್ಥ? ತಿದ್ದುಪಡಿ ಮುಗಿದಾಗ ಉಳಿದದ್ದು ಉತ್ತಮ ಚರ್ಚೆಯೊಂದೇ.

ಇಷ್ಟು ಸಾಲದೆಂದು ಗಡಿಯಾರಗಳೂ ಸೇರಿಕೊಳ್ಳುತ್ತವೆ. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ತಳ್ಳುತ್ತಾರೆ, ಯುರೋಪಿನವರು ಅದೇ ತಿಂಗಳ ಕೊನೆಯ ಭಾನುವಾರ, ನಾವು ತಳ್ಳುವುದೇ ಇಲ್ಲ. 2026ರಲ್ಲಿ ಆ ಭಾನುವಾರಗಳು ಮಾರ್ಚ್ 8 ಮತ್ತು 29. ಮಾರ್ಚ್ 6ರ ಶುಕ್ರವಾರ "ಸೋಮವಾರ ಎಂದಿನ ಸಮಯಕ್ಕೆ" ಎಂದು ಬರೆದರೆ, ಕ್ಯಾಲಿಫೋರ್ನಿಯಾದ 9 ಗಂಟೆಯನ್ನೇ ನಂಬಿದವರಿಗೆ ಬೆಂಗಳೂರಿನ ರಾತ್ರಿ 10.30 ಹೋಗಿ 9.30 ಆಗುತ್ತದೆ, ವಾರ್ಸಾದ 6 ಗಂಟೆ ಮೂರು ವಾರದ ಮಟ್ಟಿಗೆ 5 ಆಗುತ್ತದೆ. ತಮ್ಮೂರಿನ ಗಡಿಯಾರವನ್ನೇ ನಂಬಿದವರು ಒಂದು ಗಂಟೆ ತಡವಾಗಿ ಬಂದು ಖಾಲಿ ಕಾಲ್‌ಗೆ "ಹಲೋ, ಕೇಳಿಸ್ತಿದೆಯಾ?" ಅನ್ನುತ್ತಾರೆ. ಯುಟಿಸಿ ಸಮಯ ಒಂದು ಬರೆದಿದ್ದರೆ ಸಾಕಿತ್ತು. ಆದರೆ ಯುಟಿಸಿಯಲ್ಲಿ ಯಾವ ಮ್ಯಾನೇಜರೂ ವಾಸವಿಲ್ಲವಲ್ಲ, ಮರ್ಜಿ ಕಾಯಲು.

ನಿಮ್ಮ ರೀಕ್ಯಾಪ್ ಯಾವ ಜಾತಿಯದೆಂದು ತಿಳಿಯಲು ಮರುದಿನ ಅದರ ಕೆಳಗೆ ನೋಡಿದರೆ ಸಾಕು. "24 ಅಲ್ಲ, 12 ಗಂಟೆ" ಎಂದು ಯಾರಾದರೂ ಸಿಡುಕಿದ್ದರೆ ಅದು ಕೆಲಸಕ್ಕೆ ಬಂದಿದೆ, ನಿಮಗೆ ಲೀಡಿನಿಂದ ಫೋನೂ ಬರುತ್ತದೆ. ಬರೀ ಹೆಬ್ಬೆರಳುಗಳು ಸಾಲಾಗಿ ನಿಂತಿದ್ದರೆ ಅಭಿನಂದನೆಗಳು: ಯಾರೂ ಓದಿಲ್ಲ, ಯಾರಿಗೂ ಬೇಜಾರಾಗಿಲ್ಲ, ನಿಮ್ಮ ಅಪ್ರೈಸಲ್ ಭದ್ರ. ದುಡ್ಡು ಎರಡು ಸಲ ಕಟ್ ಆದ ಗ್ರಾಹಕ ನಮ್ಮ ಸ್ಲ್ಯಾಕ್‌ನಲ್ಲಿ ಹೇಗೂ ಇಲ್ಲ.