ಅಡಿ ಲೆಕ್ಕ

(ಅರಂತೋಡು ಪೇಟೆಯ ಹೋಟೆಲು. ನೀರಿನ ಸಮಿತಿಯ ಕಾರ್ಯದರ್ಶಿ ಗೌಡ್ರು, ಬಾಬಣ್ಣ.)

ಗೌಡ್ರು: ಪೈಪಿನ ಕೊಟೇಶನ್ ಮೂರೂ ವಾಟ್ಸಾಪಲ್ಲಿ ಬಂತು ಬಾಬಣ್ಣ. 600, 115, 36. ಮೂವತ್ತಾರರವನಿಗೇ ಕೊಡುವ, ಅಲ್ವಾ?

ಬಾಬಣ್ಣ: ಫೋಟೋ ಸ್ವಲ್ಪ ದೊಡ್ಡದು ಮಾಡಿ ಗೌಡ್ರೇ. 600 ಅಂದ್ರೆ ಇಡೀ ಒಂದು ಪೈಪಿಗೆ. ಪೈಪು ಆರು ಮೀಟರ್. ಮೀಟರಿಗೆ ನೂರೇ ಬಿತ್ತು.

ಗೌಡ್ರು: ಹಾಗಾದ್ರೆ ಅದೇ ಕಡಿಮೆ!

ಬಾಬಣ್ಣ: ಕೆಳಗೆ ಇರುವೆ ಸಾಲಿನ ಹಾಗೆ ಉಂಟು ನೋಡಿ, ‘ಜಿಎಸ್‌ಟಿ 18% ಬೇರೆ’. 118 ಆಯ್ತು. ಎರಡನೆಯವನದ್ದು ಮೀಟರಿಗೆ 115, ತೆರಿಗೆ, ಸಾಗಾಟ ಎಲ್ಲ ಸೇರಿ.

ಗೌಡ್ರು: ನಮ್ಮ ಮೂವತ್ತಾರು?

ಬಾಬಣ್ಣ: ಅದು ಅಡಿಗೆ. ಮೀಟರಿಗೆ 3.28 ಅಡಿ. ತೆರಿಗೆ ಸೇರಿ ಅವನದ್ದೂ 118, ಸಾಗಾಟ ಬೇರೆ.

ಗೌಡ್ರು: ಅಡಿ ಅಂತ ನಾನು ನೋಡ್ಲೇ ಇಲ್ಲ ಮಾರಾಯ.

ಬಾಬಣ್ಣ: ಪರವಾಗಿಲ್ಲ. ಕೆಲವು ಅಡಿ ಮೇಜಿನ ಅಡಿಯಲ್ಲೇ ಇರ್ತದೆ.

ಗೌಡ್ರು: ಛೆ! ಪಟ್ಟಿ ಬರಿ. ಮೀಟರ್ ದರ, ತೆರಿಗೆ, ಸಾಗಾಟ, ಒಟ್ಟು.

ಬಾಬಣ್ಣ: ಬರ್ದೆ. ಇನ್ನೊಂದು ಕಾಲಂ ಹಾಕ್ಲಾ? ಮೂರರಲ್ಲೂ ‘ಪೈಫು’ ಅಂತಲೇ ಉಂಟು. ಒಂದೇ ಶಾಲೆಯವರು ಇರ್ಬೇಕು. ಫೋಟೋ ಮೂಲೆಯ ಬೆರಳಿನ ಹಸಿರು ಕಲ್ಲಿನ ಉಂಗುರವೂ ಒಂದೇ!

ಗೌಡ್ರು: (ಉಂಗುರದ ಕೈ ಕಿಸೆಗೆ ಇಳಿಸಿ) ಆ ಕಾಲಂ ಬೇಡ, ಕಾಗದ ಸಾಲದು.