ಬಾಯಿ ಅವರದ್ದು, ಮಾತು ನಮ್ಮದು

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಜನಕ್ಕೆ ಮಾತು ಬರೆದು ಮಾರುತ್ತೇನೆ ಅಂತ ಹೊರಡುವುದಕ್ಕೆ ಸ್ವಲ್ಪ ಭಂಡಧೈರ್ಯವೇ ಬೇಕು. ತಾಳಮದ್ದಳೆಯಲ್ಲಿ ಕೈಯಲ್ಲೊಂದು ಚೀಟಿಯಿಲ್ಲದೆ ಬೆಳಗಿನ ತನಕ ಕೃಷ್ಣನಿಗೂ ಕೌರವನಿಗೂ ಜಗಳ ಹಚ್ಚುವ ಸೀಮೆ ಇದು. ಆದರೆ ಅದೇ ಬಾಯಿಯ ಮುಂದೆ ಮೊಬೈಲ್ ನಿಲ್ಲಿಸಿ ಕೆಂಪು ಗುಂಡಿ ಒತ್ತಿ ನೋಡಿ. "ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಆದರದ ಸ್ವಾಗತ, ಸುಸ್ವಾಗತ" ಎನ್ನುವಷ್ಟರಲ್ಲಿ ಗಂಟಲು ಒಣಗಿ, "ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ" ಅಂತ ಬೇಡಿಕೊಂಡು, ನಲವತ್ತನೇ ಸೆಕೆಂಡಿಗೆ "ಹಾಗಾದರೆ ಬನ್ನಿ, ತಡ ಮಾಡದೆ ವಿಡಿಯೋ ಶುರು ಮಾಡೋಣ" ಅನ್ನುತ್ತಾರೆ. ತಡ ಆಗಿದ್ದು ಆಗಿಯೇ ಹೋಯಿತಲ್ಲ ಮಾರಾಯ! ನೋಡುವವನು ಅಷ್ಟರಲ್ಲಿ ಬೇರೆ ಯಾರದೋ ನಾಯಿಮರಿ ನೋಡಲು ಹೋಗಿಯಾಗಿರುತ್ತದೆ.

ಈ ನಲವತ್ತು ಸೆಕೆಂಡೇ ನನ್ನ ಅನ್ನ. ಸ್ಕ್ರಿಪ್ಟ್ ಬರೆಯುವವನಿಗೆ ಗಿರಾಕಿ ಸಿಗುವುದೂ ಅಲ್ಲೇ.

ಗಿರಾಕಿ ಹುಡುಕುವುದು ಅಂದರೆ ಸಿಕ್ಕ ಸಿಕ್ಕ ಚಾನೆಲ್ಲಿಗೆಲ್ಲ "ಸರ್, ನಾನು ಚೆನ್ನಾಗಿ ಬರೆಯುತ್ತೇನೆ" ಅಂತ ಮೆಸೇಜ್ ಬಿಡುವುದು ಅಂತ ಕೆಲವರು ತಿಳಿದಿದ್ದಾರೆ. ಅವರಿಗೆ ಸಿಗುವುದು ಎರಡು ನೀಲಿ ಗೀಟು ಮಾತ್ರ. ನಾನು ಮೊದಲು ನೋಡುವುದು ಚಾನೆಲ್ಲಿನ ಹಿಂದೆ ಒಂದು ವ್ಯಾಪಾರ ಇದೆಯಾ ಅಂತ. ಅಡಿಕೆ ಸಸಿ ನರ್ಸರಿ, ಹೋಂಸ್ಟೇ, ದೋಟಿ-ಪಂಪು ಮಾರುವ ಅಂಗಡಿ, ಇಂಥವರಿಗೆ ಒಂದು ವಿಡಿಯೋ ಓಡಿದರೆ ನಾಲ್ಕು ಗಿರಾಕಿ ಬರುತ್ತಾರೆ, ಹಾಗಾಗಿ ದುಡ್ಡು ಬಿಚ್ಚುತ್ತಾರೆ. ಬರೀ ಜಾಹೀರಾತಿನ ಆದಾಯ ನಂಬಿದ ಸಣ್ಣ ಚಾನೆಲ್ಲಿನವನು ಪಾಪ, ಸಾವಿರ ಸಬ್‌ಸ್ಕ್ರೈಬರ್, ವರ್ಷದಲ್ಲಿ 4000 ಗಂಟೆ ನೋಡಿಸಿಕೊಂಡ ಲೆಕ್ಕ ತುಂಬಿಸಿ, ಆ ಮೇಲೆ ಬರುವ ಚಿಲ್ಲರೆಯಲ್ಲಿ ನನಗೆಲ್ಲಿಂದ ಕೊಟ್ಟಾನು? ಮೂರು ತಿಂಗಳಿಂದ ಏನೂ ಹಾಕದ ಚಾನೆಲ್ಲಿಗೂ ನಾನು ಬಾಗಿಲು ತಟ್ಟುವುದಿಲ್ಲ. ಅಲ್ಲಿ ಕೊರತೆ ಸ್ಕ್ರಿಪ್ಟಿನದ್ದಲ್ಲ, ಮನಸ್ಸಿನದ್ದು.

ಎನ್.ಆರ್.ಪುರ ಕಡೆಯ ಒಬ್ಬ ಹುಡುಗನ ಕತೆ ಹೇಳುತ್ತೇನೆ. ತೋಟದ ಔಷಧಿ, ಯಂತ್ರ ಮಾರುವ ಅಂಗಡಿ ಇದೆ, ಜೊತೆಗೊಂದು ಚಾನೆಲ್. ಬೋರ್ಡೋ ಮಾಡುವುದು ಹೇಗೆ ಅಂತ ವಿಡಿಯೋ ಹಾಕಿದ್ದ. ಮೊದಲ ನಿಮಿಷ ಸ್ವಾಗತ, ಎರಡನೇ ನಿಮಿಷ ಕೊಳೆ ರೋಗದ ಇತಿಹಾಸ. ಇತಿಹಾಸವೇನೋ ಸೊಗಸೇ. ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆ ಕೊಳೆಯ ಮೇಲೆ ಬರೆದು, ಮಳೆಗೆ ಮೊದಲು ಕೊನೆಗಳಿಗೆ ಬೋರ್ಡೋ ಹೊಡೆಯಿರಿ ಅಂದವರು. ಆದರೆ ಜೂನ್ ಮೋಡ ತಲೆಯ ಮೇಲೆ ನಿಂತಾಗ ಡ್ರಮ್ಮಿನ ಮುಂದೆ ನಿಂತವನಿಗೆ ಕೋಲ್ಮನ್ ಸಾಹೇಬರು ಬೇಕಾಗಿರಲಿಲ್ಲ. ಕಾಮೆಂಟು ಓದಿದರೆ ಗೊತ್ತಾಗುತ್ತಿತ್ತು: "ಸುಣ್ಣ ಎಷ್ಟು ಅಣ್ಣ?", "ಸುಣ್ಣ ಹೆಚ್ಚಾದರೆ ಏನಾಗ್ತದೆ?", "ನಮ್ದು ಕಾಯಿ ಸುಟ್ಟ ಹಾಗೆ ಆಗಿದೆ, ಎಂತಕ್ಕೆ?" ಒಂದಕ್ಕೂ ಉತ್ತರವಿಲ್ಲ. ಉತ್ತರ ಸಿಗದೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದ್ದರೆ ಅಲ್ಲೊಂದು ಸ್ಕ್ರಿಪ್ಟ್ ಇದೆ ಅಂತಲೇ ಅರ್ಥ.

ನಾನು ಅವನಿಗೆ ಕಳಿಸಿದ್ದು ಮೊದಲ ಅರ್ಧ ನಿಮಿಷದ ಮಾತು ಮಾತ್ರ, ಅದೂ ನನ್ನದೇ ದನಿಯಲ್ಲಿ ಓದಿ. ಪುಕ್ಕಟೆ. ಅರ್ಧ ನಿಮಿಷ ಪುಕ್ಕಟೆ ಕೊಡಬಹುದು, ಪೂರ್ತಿ ಸ್ಕ್ರಿಪ್ಟ್ "ಸ್ಯಾಂಪಲ್" ಅಂತ ಕೇಳುವವರಿಗೆ ಕೈಮುಗಿಯಬೇಕು. (ವಾಯ್ಸ್ ಕಳಿಸಲು ನಾನು ಗುಡ್ಡ ಹತ್ತಬೇಕಾಯಿತು, ಸಿಗ್ನಲ್ ನಮ್ಮನೆಗೆ ನೆಂಟರ ಹಾಗೆ, ಹಬ್ಬಕ್ಕೆ ಬರ್ತದೆ.) ಮೂರನೇ ದಿನ ಫೋನು ಬಂತು.

"ಅಣ್ಣಾ, ನಿಮಿಷಕ್ಕೆ ಎಷ್ಟು?"

ಇದೊಂದು ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ. ನಿಮಿಷಕ್ಕಿಷ್ಟು ಅಂದರೆ ಎಂಟು ನಿಮಿಷದ್ದನ್ನು ಹನ್ನೆರಡಕ್ಕೆ ಎಳೆಯುವವನಿಗೆ ಲಾಭ, ಮುಕ್ಕಾಲು ನಿಮಿಷದ ಶಾರ್ಟ್ಸ್‌ನಲ್ಲಿ ಇಡೀ ಮಾತು ಕೂರಿಸಲು ಒದ್ದಾಡುವವನಿಗೆ ನಷ್ಟ. ನಾನಂದೆ, "ತಮ್ಮಾ, ಮಂಡಿಗೆ ಹೋಗಿ ಮೂಟೆಗೆ ಎಷ್ಟು ಅಂತ ಕೇಳ್ತೀಯಾ? ಸರಕಾ, ಬೆಟ್ಟೆಯಾ, ಗೊರಬಲಾ ಅಂತ ನೋಡದೆ ಯಾರಾದರೂ ರೇಟು ಹೇಳ್ತಾರಾ?" ಅವನಿಗೆ ಅದು ಕೂಡಲೇ ಅರ್ಥವಾಯಿತು. ಅಡಿಕೆಯವರಿಗೆ ಅಡಿಕೆಯಲ್ಲೇ ಹೇಳಬೇಕು.

ಲೆಕ್ಕ ಬಿಡಿಸಿ ಹೇಳಿದೆ. ಎಂಟು ನಿಮಿಷದ ವಿಡಿಯೋಗೆ ಮಾತು ಎಂಟುನೂರರಿಂದ ಒಂಬೈನೂರು ಪದ. ನಮ್ಮ ಕನ್ನಡದ ಪದಗಳು ಉದ್ದ, ನಿಮಿಷಕ್ಕೆ ನೂರು ನೂರಿಪ್ಪತ್ತು ಹಿಡಿಸಿದರೆ ಹೆಚ್ಚು. ಬರೆಯುವುದು ಅರ್ಧ ದಿನ. ಆದರೆ ಅದಕ್ಕೆ ಮೊದಲು ಅವನ ಹಳೆಯ ವಿಡಿಯೋ, ಕಾಮೆಂಟು ನೋಡಿ, ಬೆಳೆಗಾರರನ್ನು ಕೇಳಿ, ಹೇಳುವುದು ಸರಿಯಾ ಅಂತ ಖಾತ್ರಿ ಮಾಡಿಕೊಳ್ಳಲು ಇನ್ನರ್ಧ ದಿನ. ತಿದ್ದಲು ಇನ್ನೊಂದಿಷ್ಟು. ಒಟ್ಟು ಒಂದೂವರೆ ದಿನ ಅನ್ನಿ. ನನ್ನ ದಿನಕ್ಕೆ 1500 ರೂಪಾಯಿ ಅಂತಿಟ್ಟರೆ 2250. ಅರ್ಧ ಮೊದಲೇ, ಉಳಿದದ್ದು ಸ್ಕ್ರಿಪ್ಟ್ ಒಪ್ಪಿದ ದಿನ. ವಿಡಿಯೋ ಓಡಿದ ಮೇಲೆ ಕೊಡುತ್ತೇನೆ ಅಂದರೆ ಆಗದು, ಅವನ ಕ್ಯಾಮೆರಾ ಅಲುಗಾಡಿದ್ದಕ್ಕೆ ನಾನು ಹೊಣೆಯಲ್ಲ. ಎರಡು ಸಲ ತಿದ್ದಿಕೊಡುವುದು ಇದರಲ್ಲೇ ಸೇರಿತು, ಒಪ್ಪಿದ ಮೇಲೆ "ಬೋರ್ಡೋ ಬೇಡ, ಕಾಳುಮೆಣಸಿನ ಮೇಲೆ ಮಾಡೋಣ" ಅಂದರೆ ಅದು ತಿದ್ದುಪಡಿಯಲ್ಲ, ಹೊಸ ಕೆಲಸ. ಇದನ್ನೆಲ್ಲ ಬಾಯಲ್ಲಿ ಮಾತಾಡಿ ಬಿಡದೆ ಬರೆದುಕೊಳ್ಳಬೇಕು. ಹಕ್ಕಿನ ವಿಷಯವಂತೂ ಕಾಗದದ ಮೇಲೆಯೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವನು ಹಕ್ಕನ್ನು ಬರಹದಲ್ಲಿ, ಸಹಿ ಹಾಕಿಯೇ ವರ್ಗಾಯಿಸಬೇಕು, ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಅಂತಲೇ ಲೆಕ್ಕ. ಹುಡುಗ "ಅಷ್ಟೆಲ್ಲ ಎಂತಕ್ಕೆ ಅಣ್ಣ, ನಾವು ನಾವೇ ಅಲ್ವಾ" ಅಂದ. ನಾವು ನಾವೇ ಆದ್ದರಿಂದಲೇ ಬೇಕು. ಬೇಲಿ ತಕರಾರು ಹುಟ್ಟುವುದು ಪಕ್ಕದ ತೋಟದವರ ಜೊತೆಗೇ ತಾನೆ?

ಬರೆಯುವ ಮೊದಲು ಅವನ ಯೂಟ್ಯೂಬ್ ಸ್ಟುಡಿಯೋದಲ್ಲಿರುವ ಒಂದು ಗೆರೆಯ ಫೋಟೋ ಕಳಿಸಲು ಹೇಳಿದೆ. ಎಷ್ಟು ಜನ ಎಲ್ಲಿವರೆಗೆ ನೋಡಿದರು ಅಂತ ತೋರಿಸುವ ಗೆರೆ. ಮೊದಲ ಮೂವತ್ತು ಸೆಕೆಂಡು ದಾಟಿ ಉಳಿದವರ ಪಾಲನ್ನು ಅದು ಬೇರೆಯಾಗಿಯೇ ಹೇಳುತ್ತದೆ. ಗೆರೆ ಮೆಲ್ಲಗೆ ಇಳಿಯುವುದು ಸಹಜ, ಎಲ್ಲರ ವಿಡಿಯೋದಲ್ಲೂ ಇಳಿಯುತ್ತದೆ. ಶುರುವಿನಲ್ಲೇ ಧೊಪ್ಪೆಂದು ಬಿದ್ದಿದ್ದರೆ ತಪ್ಪು ಆರಂಭದ್ದು, ಅಥವಾ ಹೆಸರಿನಲ್ಲಿ ಒಂದು ಹೇಳಿ ಒಳಗೆ ಇನ್ನೊಂದು ಬಡಿಸಿದ್ದು. ನಡುವೆ ಒಂದು ಕಡೆ ಗೆರೆ ಉಬ್ಬಿದ್ದರೆ ಅಲ್ಲಿ ಜನ ಹಿಂದೆ ಹೋಗಿ ಮತ್ತೆ ನೋಡಿದ್ದಾರೆ. ಇವನದರಲ್ಲಿ ಉಬ್ಬಿದ್ದು ಅಳತೆ ಹೇಳುವ ಜಾಗದಲ್ಲಿ. ಖುಷಿಪಡುವಂಥದ್ದಲ್ಲ ಅದು. ಅಳತೆಯನ್ನು ಗಡಿಬಿಡಿಯಲ್ಲಿ ಹೇಳಿದ್ದ, ಪರದೆಯ ಮೇಲೆ ಬರೆದಿರಲಿಲ್ಲ.

ಹೊಸ ಆರಂಭದಲ್ಲಿ ನಮಸ್ಕಾರ ಇಲ್ಲ. ಹುಡುಗ ಕತ್ತಿಯನ್ನು ಬಕೆಟ್ಟಿಗೆ ಅದ್ದಿದ್ದಾನೆ, ಎತ್ತುತ್ತಾನೆ. ಅಲಗು ಕೆಂಪು. "ಈ ಬಣ್ಣ ಕಂಡರೆ ಆ ಔಷಧಿಯನ್ನು ತೋಟಕ್ಕೆ ಒಯ್ಯಬೇಡಿ. ಕಾಯಿ ಸುಡ್ತದೆ. ಚೆಲ್ಲಲೂಬೇಡಿ, ಇದನ್ನೇ ಸರಿ ಮಾಡೋದು ತೋರಿಸ್ತೇನೆ." ಅಷ್ಟೇ. ಕಣ್ಣಿಗೊಂದು ವಸ್ತು, ಎದೆಗೊಂದು ಅಳುಕು, ಆಮೇಲೊಂದು ಮಾತು ಕೊಟ್ಟದ್ದು. ಕೆಂಪು ಯಾಕೆ ಅಂತ ಅಲ್ಲಿ ಹೇಳಲಿಲ್ಲ, ಅದನ್ನು ಹಿಡಿದಿಟ್ಟೆ. ಅದರ ಬೆನ್ನಿಗೇ ಮಾಡುವ ಕ್ರಮ: ಒಂದು ಕಿಲೋ ಮೈಲುತುತ್ತ ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೈವತ್ತರಲ್ಲಿ, ಪ್ಲಾಸ್ಟಿಕ್ ಡ್ರಮ್ಮು, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹಾಕುವುದು. ಪ್ರತಿ ಅಳತೆಗೂ ಪರದೆಯ ಮೇಲೆ ಅಕ್ಷರ. ಇದು ಮುಗಿಯುವ ಮೂರನೇ ನಿಮಿಷಕ್ಕೆ ಸರಿಯಾಗಿ ಗುಟ್ಟು ಬಿಡಿಸಿದೆ: ಗಾಳಿಗೆ ಬಿದ್ದು ಹಳತಾದ ಸುಣ್ಣಕ್ಕೆ ಬಲ ಇರುವುದಿಲ್ಲ, ತೂಕ ಸರಿಯಿದ್ದರೂ ಸಾಲುವುದಿಲ್ಲ, ಮಿಕ್ಕ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ. ಸುಣ್ಣದ ತಿಳಿ ಸ್ವಲ್ಪ ಸ್ವಲ್ಪ ಸೇರಿಸಿ, ಕತ್ತಿ ಬೆಳ್ಳಗೆ ಉಳಿಯುವ ತನಕ. ಇದಕ್ಕಿಂತ ತಡ ಮಾಡಿದರೆ ಆಟ ಆಡಿಸಿದ ಹಾಗೆ, ಜನ ಬೈದುಕೊಂಡೇ ಹೋಗುತ್ತಾರೆ. ಕತ್ತಿ ಬೆಳ್ಳಗಾದ ಮೇಲೆ ಸಬ್‌ಸ್ಕ್ರೈಬ್ ಕೇಳಿಸಿದೆ. ಉಪಕಾರ ಮಾಡಿದ ಮೇಲೆ ಕೇಳಿದರೆ ಮರ್ಯಾದೆ. ಉಳಿದದ್ದು, ಅವತ್ತು ಕಲಸಿದ್ದನ್ನು ಅವತ್ತೇ ಹೊಡೆಯುವುದು, ನಲವತ್ತು ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಯುವುದು. ಕೋಲ್ಮನ್ ಸಾಹೇಬರಿಗೆ ಆರನೇ ನಿಮಿಷದಲ್ಲಿ ಎರಡು ವಾಕ್ಯ ಕೊಟ್ಟೆ, ಪಾಪ.

ಕೊಟ್ಟಿದ್ದು ಎರಡು ಕಾಲಮ್ಮಿನ ಹಾಳೆ. ಎಡಗಡೆ ಹೇಳುವುದು, ಬಲಗಡೆ ತೋರಿಸುವುದು. ಬಲಗಡೆಯೇ ಇಲ್ಲದ ಸ್ಕ್ರಿಪ್ಟ್ ಬರೀ ಭಾಷಣ. ಅಲ್ಲಿ ಬರೆದಿದ್ದೆ: ಸ್ಟೀಲ್ ಚಾಕು ಬೇಡ, ಕಬ್ಬಿಣದ ಕತ್ತಿ, ಉಜ್ಜಿ ಹೊಳೆಯುವಂತಿರಲಿ. ಒಂದು ಬಕೆಟ್ಟಿನಲ್ಲಿ ಬೇಕೆಂದೇ ಸುಣ್ಣ ಕಡಿಮೆ ಹಾಕಿಟ್ಟುಕೊಳ್ಳಿ. ಎಡಗಡೆಯದನ್ನು ಅವನೇ ಗಟ್ಟಿಯಾಗಿ ಓದಿ ಕಳಿಸಿದ, ಎಲ್ಲಿ ಉಸಿರು ಸಿಕ್ಕಿಬಿತ್ತೋ ಅಲ್ಲಿ ನಾನು ವಾಕ್ಯ ಮುರಿದೆ.

ಅವನಿಗೊಂದು ಆಸೆ, ವಿಡಿಯೋದ ಹೆಸರು "ಕೊಳೆಗೆ ಶಾಶ್ವತ ಪರಿಹಾರ" ಅಂತ ಇರಲಿ ಅಂತ. ನಾನು ಒಪ್ಪಲಿಲ್ಲ. ಪ್ರತಿ ಮಳೆಗಾಲಕ್ಕೂ ಹೊಡೆಯಬೇಕಾದ್ದು ಶಾಶ್ವತ ಹೇಗಾಯಿತು? ಎಲೆಚುಕ್ಕಿ, ಹಳದಿ ಎಲೆ ಅಂತ ಮೊದಲೇ ಕಂಗೆಟ್ಟವರ ಮುಂದೆ ಸುಳ್ಳು ಗಾಳ ಹಾಕಿದರೆ ಒಂದು ಸಲ ಕಚ್ಚುತ್ತಾರೆ, ಮರುದಿನ ಅವನ ಅಂಗಡಿಗೇ ಬಂದು ಕೇಳುತ್ತಾರೆ.

ಕಣ್ಣಿಗೊಂದು ವಸ್ತು ಕೊಟ್ಟು ಶುರು ಮಾಡಿ ಅಂತ ಶೃಂಗೇರಿ ತೋರಿಸುವ ಪ್ರವಾಸದ ಚಾನೆಲ್ಲಿನವರಿಗೂ ನಾನು ಹೇಳುತ್ತೇನೆ. ಎಲ್ಲರೂ ತುಂಗೆಯ ಮೇಲೆ ಡ್ರೋನ್ ಹಾರಿಸಿ "ಪ್ರಕೃತಿಯ ಮಡಿಲಲ್ಲಿ" ಅಂತ ಶುರು ಮಾಡುತ್ತಾರೆ. ವಿದ್ಯಾಶಂಕರ ದೇವಸ್ಥಾನದ ಕಂಬದ ಸಿಂಹದ ಬಾಯಲ್ಲಿ ಉರುಳುವ ಕಲ್ಲಿನ ಗುಂಡಿದೆ. ಹೊರಗೆ ಬರದ ಗುಂಡು ಒಳಗೆ ಹೋಗಿದ್ದು ಹೇಗೆ ಅಂತ ಕೇಳಿ ಶುರು ಮಾಡಿ ಅಂದರೆ, "ಡ್ರೋನಿಗೆ ದುಡ್ಡು ಹಾಕಿದೀನಲ್ಲ ಸಾರ್" ಅನ್ನುತ್ತಾರೆ.

ಹುಡುಗನ ವಿಡಿಯೋ ಓಡಿತು. ಸ್ಕ್ರಿಪ್ಟ್ ಒಪ್ಪಿದ ದಿನವೇ ಬರಬೇಕಿದ್ದ ಬಾಕಿ ಕೇಳಲು ಫೋನು ಮಾಡಿದೆ. "ಕೊಡ್ತೇನೆ ಅಣ್ಣ, ಆದರೆ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಅಂದ.

"ಎಂತಕ್ಕೆ?"

"ಜನ ಎಲ್ಲ ಹೊಗಳಿದ್ದು ಕತ್ತಿಯನ್ನೇ. ಕತ್ತಿ ನಂದಲ್ವಾ?"