ಮೆಡಿಕಲ್ ದಾಟಿದ ಬೈಕು

ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ತಂಗಿ ಕೇಳಿದಳು, "ಅಕ್ಕಾ, ನಮ್ಮ ಪೋರಿ ಈಗ ಮೂರನೇತ್ತಕ್ಕ ಬಂದಾಳ. ಸಾಲಿಗೆ ಒಬ್ಬಾಕಿನೇ ಹೋಗ್ತೀನಿ ಅಂತಾಳ. ಕಳಿಸ್ಲೇನ್ರಿ?"

"ದಾರಿ ಗೊತ್ತದೇನು ಅಕೀಗಿ?" ಅಂದೆ.

"ಗೊತ್ತದ್ರಿ. ಭಜಿ ಬಂಡಿ ಹತ್ರ ಹೊಳ್ಳೋದು, ಆಟೋ ನಿಂತಲ್ಲಿ ದಾಟೋದು."

ಅಲ್ಲೇ ನನಗೆ ಚಿಂತೆ ಹತ್ತಿತು. ಭಜಿ ಬಂಡಿ ಸಂಜೆಗೆ ಬರುತ್ತದೆ, ಬೆಳಿಗ್ಗೆ ಅಲ್ಲಿ ಬರೀ ಗೋಡೆ. ಆಟೋ ಅಂತೂ ಬಾಡಿಗೆ ಸಿಕ್ಕ ಕಡೆ ಹೋಗುತ್ತದೆ. ನಮ್ಮ ಬಸವಕಲ್ಯಾಣದ ಹಳೇ ಊರಿನ ಗಲ್ಲಿಗಳಲ್ಲಿ ಒಂದು ತಿರುವು ತಪ್ಪಿದರೆ ಮಗು ಬೇರೆಯೇ ಓಣಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಗುರುತು ಅಂದರೆ ಬೇವಿನ ಮರ, ನೀರಿನ ಟಾಕಿ, ರೇಷನ್ ಅಂಗಡಿ, ಗುಡಿ ಕಟ್ಟೆ, ಇಂಥ ಕದಲದ ವಸ್ತುವೇ ಆಗಬೇಕು. ನಾಲ್ಕೈದು ಸಾಕು, ಅದೂ ತಿರುವಿದ್ದಲ್ಲಿ ಮಾತ್ರ. ಅವನ್ನು ನಾವು ಆರಿಸಿ ಹೇಳುವ ಬದಲು ಮಗುವಿನಿಂದಲೇ ಹೇಳಿಸಬೇಕು, ಏಕೆಂದರೆ ನಮಗೆ ಕಾಣುವ ಬೋರ್ಡು ಆ ಎತ್ತರಕ್ಕೆ ಕಾಣಲಿಕ್ಕಿಲ್ಲ. ಮನೆಗೆ ಬರುವ ದಾರಿಯನ್ನು ಬೇರೆಯಾಗಿಯೇ ಕಲಿಸಬೇಕು. ಹೋಗುವಾಗ ಟಾಕಿಯ ಮುಂಭಾಗ ನೋಡಿದ ಕೂಸಿಗೆ ಬರುವಾಗ ಅದರ ಬೆನ್ನು ಕಾಣುತ್ತದೆ.

ಗಲ್ಲಿ ಹೇಗೋ ಕಲಿಯುತ್ತಾರೆ. ಕಷ್ಟ ಇರುವುದು ದೊಡ್ಡ ರಸ್ತೆ ದಾಟುವಲ್ಲಿ. "ಎರಡೂ ಕಡೆ ನೋಡಿ ದಾಟು" ಅಂತ ಎಲ್ಲರೂ ಹೇಳುತ್ತೇವೆ. ಕೂಸು ನೋಡುತ್ತದೆ, ಬೈಕು ಕಾಣುತ್ತದೆ, ಆದರೆ ಎಷ್ಟು ಜೋರು ಬರುತ್ತಿದೆ ಅನ್ನುವುದು ತಿಳಿಯುವುದಿಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು 2011ರಲ್ಲಿ ಇದನ್ನೇ ತೋರಿಸಿಕೊಟ್ಟರು: ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ಜೋರಾಗಿ ಎದುರು ಬರುವ ವಾಹನ ಹತ್ತಿರವಾಗುತ್ತಿರುವುದನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ಖಚಿತವಾಗಿ ಗುರುತಿಸಲಾರದು. ಅದು ಮಗುವಿನ ತಪ್ಪಲ್ಲ, ಬೈದರೆ ಬರುವಂಥದ್ದೂ ಅಲ್ಲ.

ಅದಕ್ಕೆ ತಂಗಿಗೆ ಒಂದು ಉಪಾಯ ಹೇಳಿದೆ. ರಸ್ತೆ 7 ಮೀಟರ್ ಅಗಲ ಅಂತ ಹಿಡಿ. ಮಗು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ದಾಟಲು 7 ಸೆಕೆಂಡು ಬೇಕು. ಅಷ್ಟರಲ್ಲಿ 40ರ ವೇಗದ ಬೈಕು ಸುಮಾರು 80 ಮೀಟರ್ ಬಂದಿರುತ್ತದೆ. ಈಗ ನೀನು ದಾಟುವ ಜಾಗದಿಂದ ಬಲಕ್ಕೆ ನಿನ್ನ 120 ಹೆಜ್ಜೆ ಎಣಿಸಿ ಹೋಗು, ಹತ್ತಿರ ಹತ್ತಿರ 90 ಮೀಟರ್ ಆಗುತ್ತದೆ. ಅಲ್ಲಿ ಮೆಡಿಕಲ್ ಅಂಗಡಿ ಇದ್ದರೆ ಅದೇ ಗುರುತು. ಎಡಕ್ಕೂ ಹಾಗೇ ಒಂದು ಗುರುತು ಮಾಡು, ಟಾಕಿ ಇದ್ದರೆ ಅದೇ ಆಗಲಿ. ಮಗುವಿಗೆ ಹೇಳಬೇಕಾದದ್ದು ಇಷ್ಟೇ: "ಗಾಡಿ ಮೆಡಿಕಲ್ ದಾಟಿ ಈಕಡೆ ಬಂದಿದ್ರ ನಿಂದ್ರು. ಎರಡೂ ಕಡಿ ಖಾಲಿ ಇದ್ರ ನಡಿ, ಓಡಬ್ಯಾಡ." ವೇಗ ಅಳೆಯಲಾರದ ಮಗು ಗಾಡಿ ಎಲ್ಲಿದೆ ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ. ಆ ಅಂಗಡಿ ಕಾಣದಂತೆ ಬಸ್ಸು ನಿಂತಿದ್ದರೆ, ಬಸ್ಸು ಹೋಗುವ ತನಕ ಕಾಯುವುದು.

"ಹುಮನಾಬಾದದಾಗ ನಮ್ಮಕ್ಕನ ಮಗ ಅದಾನ್ರಿ, ಅಂವಗೂ ಹಿಂಗೇ ಕಲಿಸ್ಲಿ ಅಂತ ಹೇಳ್ಲಾ?"

ಅಲ್ಲಿ ಬೇಡ ಅಂದೆ. ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಕೂಡುತ್ತವೆ. ವೇಗ 60 ಆಯಿತೆಂದರೆ ಅದೇ 7 ಸೆಕೆಂಡಿಗೆ ಗಾಡಿ 115 ಮೀಟರ್ ದಾಟಿ ಬರುತ್ತದೆ, ರಸ್ತೆಯೂ ಅಗಲ. 120 ಹೆಜ್ಜೆಯ ಲೆಕ್ಕ ಅಲ್ಲಿ ಸುಳ್ಳಾಗುತ್ತದೆ. ಇನ್ನು ಕಬ್ಬಿನ ಹಂಗಾಮು ಬಂತೆಂದರೆ ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ. ಎಂಜಿನ್ ಹೋಯಿತು ಅಂತ ಮಗು ಕಾಲಿಡುತ್ತದೆ, ಹಿಂದಿನ ಟ್ರಾಲಿ ಇನ್ನೂ ಬರುತ್ತಿರುತ್ತದೆ. ಹುಡುಗರು ಕಬ್ಬು ಎಳೆಯಲು ಅದರ ಹಿಂದೆ ಓಡುವುದೂ ಉಂಟು. "ಕಡೀ ಗಾಲಿ ಹೋದ ಮ್ಯಾಲೂ ಮತ್ತ ಬಲಕ್ಕ, ಎಡಕ್ಕ ನೋಡು" ಅನ್ನುವುದನ್ನು ಈ ಭಾಗದ ಮಕ್ಕಳಿಗೆ ಬೇರೆಯಾಗಿ ಹೇಳಿಕೊಡಲೇಬೇಕು. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆ ಅಂಗಡಿ ಬಿದ್ದಾಗ ಗುರುತುಗಳೇ ಮುಚ್ಚಿಹೋಗುತ್ತವೆ. ಆ ದಿನಗಳಲ್ಲಿ ದೊಡ್ಡವರು ಜೊತೆಗೆ ಹೋಗಬೇಕು.

ನಿನ್ನ ಮಗಳಿಗೆ ಕಲಿಸುವಾಗ ಮೊದಲು ನೀನು ಮುಂದೆ, ಆಮೇಲೆ ಅವಳು ಮುಂದೆ ನೀನು ಹಿಂದೆ. ಅವಳು ಬಾಯಿಬಿಟ್ಟು "ಮೆಡಿಕಲ್ ಖಾಲಿ, ಟಾಕಿ ಖಾಲಿ" ಅನ್ನಲಿ. ಆಮೇಲೆ ಇಪ್ಪತ್ತು ಹೆಜ್ಜೆ ದೂರ ಉಳಿದು ಸುಮ್ಮನೆ ನೋಡು. ಗೆಳತಿ ಆಚೆಯಿಂದ ಕೂಗಿದಾಗ ಏನು ಮಾಡುತ್ತಾಳೆ ಅನ್ನುವುದೇ ನಿಜವಾದ ಪರೀಕ್ಷೆ. ನಿಲ್ಲದೆ ಓಡಿದರೆ ಇನ್ನೂ ಒಬ್ಬಳನ್ನೇ ಕಳಿಸುವ ಹೊತ್ತು ಬಂದಿಲ್ಲ.

ತಂಗಿ ತಲೆಯಾಡಿಸಿದಳು. ಹೆದ್ದಾರಿ ಬದಿಯ ಎಲ್ಲ ತಂದೆ ತಾಯಿಗೂ ಒಂದು ಮಾತು ಹೇಳುತ್ತೇನೆ: ಹತ್ತು ವರ್ಷ ತುಂಬುವ ತನಕ ಅಲ್ಲಿ ಮಗುವಿನ ಕೈ ಬಿಡಬೇಡಿ. ಮನೆಯಲ್ಲಿ ಆಳಿಲ್ಲದಿದ್ದರೆ ಓಣಿಯ ನಾಲ್ಕು ಮನೆಯವರು ಮಾತಾಡಿಕೊಂಡು, ದಿನಕ್ಕೊಬ್ಬರು ಶಾಲೆ ಹೊತ್ತಿಗೂ ಬಿಡುವ ಹೊತ್ತಿಗೂ ದಾಟುವ ಜಾಗದಲ್ಲಿ ನಿಂತು ಮಕ್ಕಳನ್ನು ದಾಟಿಸಿ.